ದೀಪಾವಳಿಗೂ ಅದೇ ಕುಂಡ, ತುಳಸಿ ಹಬ್ಬಕ್ಕೂ ಅದೇ ಕುಂಡ: ಗೊಂಡೆ, ದಾಸವಾಳ, ಮಲ್ಲಿಗೆಯ ಆರೈಕೆ

ದೀಪಾವಳಿಗೆಂದು ಹೂಗಿಡದ ಕುಂಡಗಳನ್ನು ಅಂಗಳಕ್ಕೆ ತರುವವರು ಹೆಚ್ಚಾಗಿ ಮೂರೂ ಜಾತಿಯವನ್ನು ಒಂದೇ ಸಾಲಿನಲ್ಲಿ ಇಟ್ಟುಬಿಡುತ್ತಾರೆ. ಸಂಜೆ ಹಣತೆ ಹಚ್ಚುವ ಹೊತ್ತಿಗೆ ದಾಸವಾಳ ಮುದುಡಿರುತ್ತದೆ. ದೇವರ ಕೋಣೆಯಲ್ಲಿ ಎರಡು ದಿನ ಇದ್ದ ಮಲ್ಲಿಗೆ ಮೊಗ್ಗು ಉದುರಿಸಿರುತ್ತದೆ. ಗೊಂಡೆ ಮಾತ್ರ ಚೆನ್ನಾಗಿ ಕಾಣುತ್ತದೆ, ಆದರೆ ಒಂದು ಸಂಜೆಯ ಮಳೆಗೆ ಅದರ ದೊಡ್ಡ ಹೂಗಳೂ ನೀರು ಕುಡಿದು ಬಾಗುತ್ತವೆ. ಹಬ್ಬ ಮುಗಿದ ಮೇಲೆ ಕುಂಡಗಳು ಹಿತ್ತಲಿನ ಮೂಲೆ ಸೇರುತ್ತವೆ.

ಬಲಿಪಾಡ್ಯಮಿಯಿಂದ ಕಾರ್ತಿಕ ಶುದ್ಧ ದ್ವಾದಶಿಯ ತುಳಸಿ ಹಬ್ಬಕ್ಕೆ ಹನ್ನೊಂದು ದಿನವಷ್ಟೇ. 2025ರಲ್ಲಿ ಅಕ್ಟೋಬರ್ 22ಕ್ಕೆ ಪಾಡ್ಯಮಿ, ನವೆಂಬರ್ 2ಕ್ಕೆ ದ್ವಾದಶಿ ಬಂದಿತ್ತು. ದೀಪಾವಳಿಯಲ್ಲಿ ಗಿಡವನ್ನು ದಣಿಸದೆ ಬಳಸಿ, ನಡುವಿನ ದಿನಗಳಲ್ಲಿ ಸರಿಯಾಗಿ ನೋಡಿಕೊಂಡರೆ ತುಳಸಿಕಟ್ಟೆಯ ಸುತ್ತ ಅದೇ ಕುಂಡಗಳು ಮತ್ತೆ ಹೂವಿನೊಂದಿಗೆ ನಿಲ್ಲುತ್ತವೆ. ಕಾರವಾರದ ಕಡೆಯ ಒಂದು ಸಾಮಾನ್ಯ ಅಂಗಳವನ್ನು ಲೆಕ್ಕಕ್ಕೆ ಹಿಡಿಯೋಣ: ಎಂಟು ಗೊಂಡೆ, ಎರಡು ದಾಸವಾಳ, ಎರಡು ಮಲ್ಲಿಗೆ ಜಾತಿಯ ಗಿಡ, ನಡುವೆ ತುಳಸಿಕಟ್ಟೆ.

ಗೊಂಡೆಗೆ ಹಬ್ಬಗಳೇ ಪಂಚಾಂಗ

ಗೊಂಡೆ ಹೂವನ್ನು ದೀಪಾವಳಿಗೆ ಸರಿಯಾಗಿ ಅರಳಿಸಲು ತಾರೀಖು ನೆನಪಿಡಬೇಕಾಗಿಲ್ಲ. ನಾಗರಪಂಚಮಿಗೆ ಬೀಜ ಹಾಕಿ, ಚೌತಿಗೆ ಸಸಿಯನ್ನು ಕುಂಡಕ್ಕೆ ನೆಟ್ಟರೆ ಸಾಕು. ಪಂಚಮಿಯಿಂದ ಚೌತಿಗೆ ಸುಮಾರು ನಾಲ್ಕು ವಾರ, ಚೌತಿಯಿಂದ ನರಕ ಚತುರ್ದಶಿಗೆ ಸುಮಾರು 54 ದಿನ. ಹಾರಕ್ಕೆ ಬಳಸುವ ಎತ್ತರದ, ದೊಡ್ಡ ಹೂವಿನ ಗೊಂಡೆಗೆ ಕುಡಿ ಚಿವುಟಿದ ಮೇಲೂ ಈ ಅವಧಿ ಸಾಕಾಗುತ್ತದೆ.

ಪಂಚಮಿಯ ಹೊತ್ತಿಗೆ ಮಳೆ ಜೋರಿರುತ್ತದೆ. ಹಾಗಾಗಿ ಬೀಜವನ್ನು ಸೂರಿನಡಿ, ಆದರೆ ಬೆಳಕು ಚೆನ್ನಾಗಿ ಬೀಳುವಲ್ಲಿ, ತಳದಲ್ಲಿ ತೂತಿರುವ ಟ್ರೇಯಲ್ಲಿ ಹಾಕಬೇಕು. ಕತ್ತಲ ಮೂಲೆಯಲ್ಲಿ ಹುಟ್ಟಿದ ಸಸಿ ಬೆಳಕು ಹುಡುಕುತ್ತ ಉದ್ದವಾಗಿ, ಬುಡದಲ್ಲಿ ಸಣ್ಣಗಾಗಿ ಮಲಗಿಬಿಡುತ್ತದೆ. ಚೌತಿಗೆ ನಾಲ್ಕಾರು ಜೊತೆ ಎಲೆ ಬಂದ ಗಟ್ಟಿ ಸಸಿಯನ್ನು 10 ಇಂಚಿನ ಕುಂಡಕ್ಕೊಂದರಂತೆ ನೆಡಿ. ನೆಟ್ಟ ಎಂಟು ಹತ್ತು ದಿನಕ್ಕೆ, ಗಿಡ ಗೇಣುದ್ದವಾದಾಗ ತುದಿಯ ಕುಡಿ ಚಿವುಟಿ. ಇದರಿಂದ ಒಂದೇ ಕೋಲಿನಂತೆ ಏರುವ ಗಿಡ ಕವಲೊಡೆದು ಆರೇಳು ಕೊಂಬೆಯಾಗುತ್ತದೆ, ಒಂದೊಂದು ಕೊಂಬೆಯ ತುದಿಯಲ್ಲೂ ಮೊಗ್ಗು ಬರುತ್ತದೆ. ಇದಾದ ಮೇಲೆ ಮತ್ತೆ ಚಿವುಟಬೇಡಿ. ನವರಾತ್ರಿಯ ಹೊತ್ತಿಗೆ ಚಿವುಟಿದರೆ ಗಿಡ ಪೊದೆಯಾಗಿ ಚಂದ ಕಾಣುತ್ತದೆ, ಹೂ ಮಾತ್ರ ದೀಪಾವಳಿ ಕಳೆದ ಮೇಲೆ ಬರುತ್ತದೆ.

ಮಣ್ಣಿಗೆ ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಹೊಳೆ ಮರಳು ಅಥವಾ ತೆಂಗಿನ ನಾರಿನ ಪುಡಿ. ಮನೆಯ ಹಿಂದೆಯೇ ಸಿಗುತ್ತದೆಂದು ಕಡಲ ದಂಡೆಯ ಮರಳು ಬೆರೆಸಬಾರದು. ಅದರಲ್ಲಿರುವ ಉಪ್ಪು ಮಳೆ ನಿಂತ ಮೇಲೆ ಕೆಲಸ ತೋರಿಸುತ್ತದೆ: ಎಲೆಯ ಅಂಚು ಸುಟ್ಟಂತೆ ಕಂದಾಗುತ್ತದೆ, ನೀರು ಹಾಕಿದಷ್ಟೂ ಗಿಡ ಸೊರಗುತ್ತದೆ. ನಾರಿನ ಪುಡಿಯನ್ನೂ ಒಂದೆರಡು ಸಲ ಸಿಹಿನೀರಿನಲ್ಲಿ ತೊಳೆದು ಹಿಂಡಿಯೇ ಬಳಸಬೇಕು.

ಬೀಜ ಹಾಕುವ ಸಮಯ ದಾಟಿದ್ದರೆ ನರ್ಸರಿಯಿಂದ ಮೊಗ್ಗು ಬಂದ ಗಿಡ ತರುವುದೇ ದಾರಿ. ಮೈತುಂಬ ಅರಳಿದ ಗಿಡ ಕಣ್ಣಿಗೆ ಚಂದ, ಆದರೆ ಹಬ್ಬದ ಹೊತ್ತಿಗೆ ಅದರ ಹೂ ಹಳತಾಗಿರುತ್ತದೆ. ಒಂದೆರಡು ಹೂ ಅರಳಿ, ಉಳಿದವು ಬಣ್ಣ ತೋರುವ ಮೊಗ್ಗಿನಲ್ಲಿರುವ ಗಿಡವನ್ನು ಹಬ್ಬಕ್ಕೆ ನಾಲ್ಕೈದು ದಿನ ಮೊದಲು ತನ್ನಿ. ಹೂ ಇರುವಾಗ ಬೇರು ಬಿಚ್ಚಿ ಕುಂಡ ಬದಲಿಸಬೇಡಿ. ಕರಿ ಪ್ಲಾಸ್ಟಿಕ್ ಚೀಲದ ಸಮೇತ ದೊಡ್ಡ ಕುಂಡದೊಳಗೆ ಇಳಿಸಿಟ್ಟು, ತುಳಸಿ ಹಬ್ಬ ಮುಗಿದ ಮೇಲೆ ಚೀಲ ಹರಿದು ನೆಟ್ಟರಾಯಿತು.

ದಾಸವಾಳ ಬೆಳಗಿನದು, ಮಲ್ಲಿಗೆ ಸಂಜೆಯದು

ಯಾವ ಕುಂಡ ಎಲ್ಲಿ, ಯಾವಾಗ ಎನ್ನುವುದನ್ನು ಹೂ ಅರಳುವ ಹೊತ್ತೇ ಹೇಳುತ್ತದೆ.

ಒಂಟಿ ಎಸಳಿನ ಕೆಂಪು ದಾಸವಾಳ ಬೆಳಿಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಆದ್ದರಿಂದ ಅದರ ಜಾಗ ಬೆಳಗಿನ ಪೂಜೆಯ ಹತ್ತಿರ. ಚತುರ್ದಶಿಯ ಬೆಳಿಗ್ಗೆ ಹೆಬ್ಬಾಗಿಲ ಎರಡು ಪಕ್ಕಕ್ಕೆ ಎರಡು ಕುಂಡ, ಪಾಡ್ಯಮಿಯ ಬೆಳಿಗ್ಗೆ ಗೋಪೂಜೆಯ ಅಂಗಳದ ಅಂಚಿಗೆ ಅವೇ ಕುಂಡ. ದನದ ಬಾಯಿಗೆ ಎಟುಕದಷ್ಟು ದೂರ ಇಡಬೇಕು, ಏಕೆಂದರೆ ದಾಸವಾಳದ ಎಲೆ ಅವಕ್ಕೆ ಬಹಳ ಇಷ್ಟ. ನರ್ಸರಿಯಿಂದ ಹೊಸದಾಗಿ ತಂದ ಗಿಡದ ಎಲೆ, ಹೂಗಳನ್ನು ಗೋಗ್ರಾಸಕ್ಕಾಗಲಿ ಹಸುವಿನ ಕೊರಳ ಹಾರಕ್ಕಾಗಲಿ ಬಳಸಬೇಡಿ. ಅದಕ್ಕೆ ಯಾವ ಔಷಧಿ ಹೊಡೆದಿದ್ದಾರೆ, ಎಂದು ಹೊಡೆದಿದ್ದಾರೆ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ.

ನಾಳೆ ಎಷ್ಟು ಹೂ ಸಿಗುತ್ತದೆ ಎಂದು ಹಿಂದಿನ ಸಂಜೆಯೇ ಎಣಿಸಬಹುದು. ಹಸಿರು ಪುಷ್ಪಪಾತ್ರೆಯಿಂದ ಹೊರಗೆ ಉದ್ದಕ್ಕೆ ಚಾಚಿ, ಎಸಳು ಸುತ್ತಿಕೊಂಡು ಪೂರ್ತಿ ಕೆಂಪಾದ ಮೊಗ್ಗು ಮರುದಿನ ಬೆಳಿಗ್ಗೆ ಅರಳುತ್ತದೆ. ಹಸಿರು ಗುಂಡಿಯಂತೆ ಮುಚ್ಚಿಕೊಂಡಿರುವ ಮೊಗ್ಗಿಗೆ ಇನ್ನೂ ಎಷ್ಟೋ ದಿನ ಬೇಕು. ಸಂಜೆಯ ಲಕ್ಷ್ಮೀಪೂಜೆಗೆ ದಾಸವಾಳ ಬೇಕೇ ಬೇಕೆಂದರೆ, ಬೆಳಿಗ್ಗೆ ಅರಳುತ್ತಿದ್ದಂತೆ ಕಿತ್ತು ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು, ಪೂಜೆಯ ಹೊತ್ತಿಗೆ ತೆಗೆಯಿರಿ. ತಂಪಿನಲ್ಲಿದ್ದ ಹೂ ರಾತ್ರಿಯವರೆಗೂ ಬಿಚ್ಚಿಕೊಂಡೇ ಇರುತ್ತದೆ.

ಮಲ್ಲಿಗೆಯಲ್ಲಿ ಹಲವರು ಜಾತಿಯ ಆಯ್ಕೆಯಲ್ಲೇ ತಪ್ಪುತ್ತಾರೆ. ದುಂಡುಮಲ್ಲಿಗೆಯ ಭರ್ತಿ ಕಾಲ ಬೇಸಿಗೆ, ದೀಪಾವಳಿಗೆ ಅದರಲ್ಲಿ ನಾಲ್ಕು ಮೊಗ್ಗು ಕಂಡರೆ ಹೆಚ್ಚು. ಮಳೆಗಾಲದಿಂದ ನವೆಂಬರ್‌ವರೆಗೆ ಹೂ ಕೊಡುವುದು ಜಾಜಿ. ಮಳೆ ಹಿಂದೆ ಸರಿಯುವ ಹೊತ್ತಿಗೆ ಶುರುವಾಗಿ ಚಳಿಗಾಲವೆಲ್ಲ ಹೂ ಬಿಡುವುದು ಕಾಕಡ. ಈ ಎರಡು ಹಬ್ಬಗಳಿಗೆ ಒಂದು ಜಾಜಿ, ಒಂದು ಕಾಕಡ ಇರಲಿ. ಕಾಕಡದಲ್ಲಿ ಹೂ ಬಹಳ, ಪರಿಮಳ ಕಡಿಮೆ. ಜಾಜಿಯಲ್ಲಿ ಹೂ ಕಡಿಮೆಯಿದ್ದರೂ ಜಗುಲಿಯೆಲ್ಲ ಪರಿಮಳ. ಜಾಜಿಯ ಬಳ್ಳಿಗೆ ಕುಂಡದಲ್ಲಿ ಮೂರು ಬಿದಿರು ಸೀಳು ಊರಿ, ತುದಿ ಸೇರಿಸಿ ಕಟ್ಟಿ, ಬಳ್ಳಿಯನ್ನು ಸುತ್ತ ಹಬ್ಬಿಸಿ. ಹೀಗಿದ್ದರೆ ಎತ್ತಿ ಇಡುವಾಗ ಕೊಂಬೆ ಮುರಿಯುವುದಿಲ್ಲ. ಸಂಜೆ ಮೊಗ್ಗು ಬಿರಿಯುವ ಮುನ್ನ ಜಗುಲಿಗೆ ತಂದರೆ ಪೂಜೆಯ ವೇಳೆಗೆ ಅರಳುತ್ತದೆ.

ಗೊಂಡೆಗೆ ಹೊತ್ತಿನ ಹಂಗಿಲ್ಲ. ಒಂದು ಹೂ ಗಿಡದ ಮೇಲೆ ವಾರಕ್ಕೂ ಮಿಕ್ಕಿ ನಿಲ್ಲುತ್ತದೆ. ಎಂಟು ಕುಂಡದಲ್ಲಿ ನಾಲ್ಕು ತುಳಸಿಕಟ್ಟೆಯ ನಾಲ್ಕು ಮೂಲೆಗೆ, ನಾಲ್ಕು ಮೆಟ್ಟಿಲಿಗೆ ಹೋಗಲಿ. ಬಲೀಂದ್ರನ ಎದುರು ಎರಡು ಕುಂಡ ಬೇಕೆನಿಸಿದರೆ ಮೆಟ್ಟಿಲಿನಿಂದ ಎರಡನ್ನು ಸಂಜೆಗೆ ಒಳಗೆ ತಂದು, ಬೆಳಿಗ್ಗೆ ಮತ್ತೆ ಬಿಸಿಲಿಗೆ ಇಡಿ.

ಅಲಂಕಾರದಲ್ಲಿ ಗಿಡಕ್ಕೆ ಆಗುವ ಪೆಟ್ಟು

ಕುಂಡವನ್ನು ಒಳಗಿಡುವ ಅವಧಿಯೇ ಮುಖ್ಯ. ಆರು ಗಂಟೆ ಬಿಸಿಲು ಉಣ್ಣುತ್ತಿದ್ದ ಗಿಡಕ್ಕೆ ಮನೆಯೊಳಗಿನ ಬೆಳಕು ನಮಗೆ ಕಾಣುವಷ್ಟು ಬೆಳಕಲ್ಲ. ಒಂದು ಸಂಜೆ ಒಳಗಿದ್ದರೆ ಏನೂ ಆಗದು. ಎರಡು ಮೂರು ದಿನ ಇದ್ದರೆ ದಾಸವಾಳ, ಮಲ್ಲಿಗೆಗಳು ಮೊದಲು ಕೈಬಿಡುವುದು ಮೊಗ್ಗನ್ನೇ. ಈ ಮೂರೂ ಗಿಡಗಳ ಕುಂಡಗಳು ಸಂಜೆ ಒಳಗೆ, ಬೆಳಿಗ್ಗೆ ಹೊರಗೆ ಎಂಬ ಒಂದು ಕ್ರಮವನ್ನು ಮನೆಯವರೆಲ್ಲ ಪಾಲಿಸಿದರೆ ಅರ್ಧ ಆರೈಕೆ ಮುಗಿದಂತೆ. ಎತ್ತುವಾಗ ಕುಂಡದ ಬುಡಕ್ಕೆ ಎರಡೂ ಕೈ ಕೊಡಬೇಕು. ಗೊಂಡೆಯ ಕವಲುಗಳು ಸಂದಿಯಲ್ಲಿ ಸೀಳಿಕೊಳ್ಳುವುದು ಬೇಗ, ದೊಡ್ಡ ಹೂವಿನ ಭಾರವಿದ್ದರೆ ಇನ್ನೂ ಬೇಗ. ಒಂದು ಬಿದಿರು ಕಡ್ಡಿ ಊರಿ ಸಡಿಲವಾಗಿ ಬಾಳೆನಾರು ಕಟ್ಟಿರಬೇಕು.

ಕುಂಡದ ಹೊರಮೈ ಮುಚ್ಚಲು ಮಿನುಗು ಕಾಗದ, ಪ್ಲಾಸ್ಟಿಕ್ ಹಾಳೆ ಸುತ್ತುವುದುಂಟು. ಅದು ತಳದ ತೂತನ್ನೂ ಮುಚ್ಚುತ್ತದೆ. ಹಿತ್ತಾಳೆ ಹಂಡೆಯೊಳಗೆ ಕುಂಡ ಇಳಿಸಿದಾಗಲೂ ಅದೇ ಸಮಸ್ಯೆ: ಹಾಕಿದ ನೀರು ತಳದಲ್ಲೇ ನಿಂತು ಮೂರನೇ ದಿನಕ್ಕೆ ಬೇರು ಉಸಿರುಗಟ್ಟುತ್ತದೆ. ನಮ್ಮಲ್ಲಿ ಅಡಿಕೆ ಹಾಳೆ ಇರುವಾಗ ಇದಾವುದೂ ಬೇಡ. ಹಾಳೆಯನ್ನು ಅರ್ಧ ತಾಸು ನೀರಲ್ಲಿ ನೆನೆಸಿ ಮೆತ್ತಗಾದ ಮೇಲೆ ಕುಂಡದ ಸುತ್ತ ಬಳಸಿ, ಬಾಳೆನಾರಿನಿಂದ ಎರಡು ಕಡೆ ಬಿಗಿಯಿರಿ. ತಳ ತೆರೆದೇ ಇರುತ್ತದೆ, ಹಾಳೆ ಒಣಗಿದಂತೆ ಕುಂಡದ ಆಕಾರಕ್ಕೇ ನಿಲ್ಲುತ್ತದೆ. ಹಂಡೆಯೇ ಬೇಕೆನ್ನುವವರು ಅದರ ತಳದಲ್ಲಿ ಎರಡು ಹಂಚಿನ ತುಂಡು ಇಟ್ಟು ಕುಂಡವನ್ನು ಎತ್ತರಿಸಿ, ನಿಂತ ನೀರನ್ನು ದಿನವೂ ಚೆಲ್ಲಬೇಕು.

ಹಣತೆ ಗಿಡದಿಂದ ಕನಿಷ್ಠ ಒಂದು ಅಡಿ ದೂರ ಇರಲಿ. ಕುಂಡದ ಮಣ್ಣಿನ ಮೇಲೆಯೇ ಹಣತೆ ಇಡುವ ಅಭ್ಯಾಸ ಬೇಡ. ಬಿಸಿಗೆ ಕೆಳಗಿನ ಎಲೆ ಬಾಡುವುದು ಒಂದು ಕಡೆ, ಅದಕ್ಕಿಂತ ದೊಡ್ಡ ತೊಂದರೆ ಚೆಲ್ಲಿದ ಎಣ್ಣೆ. ಎಣ್ಣೆ ಹೀರಿದ ಮಣ್ಣು ನೀರು ಕುಡಿಯುವುದಿಲ್ಲ, ಮೇಲೆ ಹಾಕಿದ ನೀರು ಬದಿಯಿಂದ ಜಾರಿ ಹೊರಗೆ ಹೋಗುತ್ತದೆ. ಹಾಗಾಗಿದ್ದರೆ ಮೇಲಿನ ಒಂದಿಂಚು ಮಣ್ಣು ಕೆರೆದು ತೆಗೆದು ಹೊಸ ಮಣ್ಣು ಹಾಕಬೇಕು. ತೀರ್ಥ, ಹಾಲು, ಎಳನೀರು, ಪಂಚಾಮೃತ ಕುಂಡಕ್ಕೆ ಸುರಿಯುವುದೂ ಬೇಡ. ಸಿಹಿಗೆ ಇರುವೆ ಬರುತ್ತದೆ, ಇರುವೆ ಬೀಡುಬಿಟ್ಟ ದಾಸವಾಳದಲ್ಲಿ ಹಿಟ್ಟು ತಿಗಣೆಯೂ ಬೇಗ ಹೆಚ್ಚುತ್ತದೆ. ತಿಗಣೆ ಹೊರಹಾಕುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ.

ಅಕ್ಟೋಬರ್ ಸಂಜೆಯ ಗುಡುಗು ಮಳೆ ಕರಾವಳಿಯಲ್ಲಿ ಹೊಸದಲ್ಲ. ಮೋಡ ಕಟ್ಟಿದರೆ ಗೊಂಡೆಯನ್ನು ಸೂರಿನ ಒಳಭಾಗಕ್ಕೆ ಸರಿಸಿ. ಸೂರಿನ ನೀರು ನೇರವಾಗಿ ಬೀಳುವ ಸಾಲಿನಲ್ಲಿ ಇಟ್ಟರೆ ಬಯಲಿನಲ್ಲಿ ಇಟ್ಟಿದ್ದಕ್ಕಿಂತ ಕೆಡುಕು. ಹೂ ನೆನೆದಿದ್ದರೆ ಕೊಂಬೆ ಹಿಡಿದು ಮೆಲ್ಲಗೆ ಅಲುಗಿಸಿ ನೀರು ಕೊಡವಿ. ದಟ್ಟ ಎಸಳಿನ ಹೂವಿನ ನಡುವೆ ನೀರು ನಿಂತರೆ ಮರುದಿನ ಅಲ್ಲಿಂದಲೇ ಕಂದು ಕೊಳೆ ಶುರುವಾಗುತ್ತದೆ. ಅಂಥ ಹೂವನ್ನು ಉಳಿಸಿಕೊಳ್ಳಲು ನೋಡದೆ ಕತ್ತರಿಸಿಬಿಡಿ, ಪಕ್ಕದ ಹೂವಿಗೆ ಹರಡುತ್ತದೆ.

ಪಾಡ್ಯಮಿಯಿಂದ ದ್ವಾದಶಿಗೆ: ಹನ್ನೊಂದು ದಿನದ ಕೆಲಸ

ಮೊದಲನೇ ದಿನ, ಅಂದರೆ ಪಾಡ್ಯಮಿಯ ಮರುದಿನ ಬೆಳಿಗ್ಗೆ, ಕುಂಡಗಳನ್ನೆಲ್ಲ ಒಂದೆಡೆ ಸೇರಿಸಿ ಅಡಿಕೆ ಹಾಳೆ ಬಿಚ್ಚಿ. ಒಳಗೆ ಬಸವನಹುಳು, ಇರುವೆ ಸೇರಿಕೊಂಡಿರುತ್ತವೆ. ಎಲೆಯ ಮೇಲಿನ ಪಟಾಕಿ ಧೂಳು, ಕಡಲಿಗೆ ಹತ್ತಿರದ ಮನೆಯಾದರೆ ಗಾಳಿಯ ಉಪ್ಪು, ಎಲ್ಲ ಹೋಗುವಂತೆ ಸಿಹಿನೀರಿನಲ್ಲಿ ತೊಳೆಯಿರಿ. ಒಳಗೆ ಎರಡು ದಿನಕ್ಕಿಂತ ಹೆಚ್ಚು ಇದ್ದ ಕುಂಡವನ್ನು ಒಮ್ಮೆಲೇ ಮಧ್ಯಾಹ್ನದ ಬಿಸಿಲಿಗೆ ಇಡಬಾರದು, ಎಲೆ ಬಿಳಿಚಿ ಸುಡುತ್ತದೆ. ಎರಡು ದಿನ ಬೆಳಗಿನ ಬಿಸಿಲು, ಆಮೇಲೆ ಇಡೀ ದಿನ.

ಅದೇ ದಿನ ಗೊಂಡೆಯ ಕತ್ತರಿ ಕೆಲಸ. ಬಾಡಿದ ಎಸಳನ್ನು ಕಿತ್ತರೆ ಸಾಲದು. ಎಸಳಿನ ಕೆಳಗಿನ ಹಸಿರು ಬಟ್ಟಲಿನಲ್ಲಿ ಬೀಜ ಕಟ್ಟುತ್ತಿರುತ್ತದೆ, ಅದು ಉಳಿದರೆ ಗಿಡದ ಶಕ್ತಿಯೆಲ್ಲ ಅಲ್ಲಿಗೇ ಹೋಗುತ್ತದೆ. ಬಟ್ಟಲಿನ ಸಮೇತ, ಕೆಳಗಿನ ಮೊದಲ ಎಲೆಜೋಡಿಯ ಮೇಲಕ್ಕೆ ಕತ್ತರಿಸಿ. ಆ ಎಲೆಯ ಸಂದಿಯಲ್ಲಿ ಆಗಲೇ ಕಾಳಿನಷ್ಟು ಮೊಗ್ಗುಗಳು ಇರುತ್ತವೆ, ದ್ವಾದಶಿಗೆ ಅರಳುವುದು ಅವೇ. ಚೆನ್ನಾಗಿರುವ ಹೂವನ್ನು ಹಾಗೇ ಬಿಡಿ, ಮೂರು ದಿನ ಬಿಟ್ಟು ಮತ್ತೊಮ್ಮೆ ನೋಡಿದರಾಯಿತು. ಸಂದಿಯಲ್ಲಿ ಮೊಗ್ಗೇ ಕಾಣದ ಗಿಡ ತುಳಸಿ ಹಬ್ಬಕ್ಕೆ ತಯಾರಾಗದು. ಅದನ್ನು ಹಿಂದಿನ ಸಾಲಿಗೆ ಎಣಿಸಿಕೊಳ್ಳಿ.

ಎರಡನೇ ದಿನ ಗೊಬ್ಬರ. ನೂರು ಗ್ರಾಂ ಶೇಂಗಾ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಪಾಡ್ಯಮಿಗೆ ಒಂದು ದಿನ ಮೊದಲೇ ನೆನೆಹಾಕಿದ್ದರೆ ಈಗ ಹುಳಿ ಬಂದಿರುತ್ತದೆ. ಸೋಸಿ, ಹತ್ತು ಪಾಲು ನೀರು ಬೆರೆಸಿ, ಹಸಿ ಮಣ್ಣಿಗೆ ಕುಂಡಕ್ಕೆ ಅರ್ಧ ಲೀಟರ್. ಒಣ ಮಣ್ಣಿಗೆ ಹಾಕಿದರೆ ಬೇರು ಸುಡಬಹುದು. ದಾಸವಾಳ, ಮಲ್ಲಿಗೆಗೆ ಇದನ್ನೇ ಇನ್ನೊಮ್ಮೆ ಎಂಟನೇ ದಿನ ಕೊಡಬಹುದು. ಗೊಂಡೆಗೆ ಒಂದೇ ಸಲ ಸಾಕು, ಹೆಚ್ಚಾದರೆ ಹಸಿರು ಎಲೆ ತುಂಬಿ ಹೂ ಹಿಂದೆ ಬೀಳುತ್ತದೆ.

ನೀರಿಗೆ ದಿನಲೆಕ್ಕವಿಲ್ಲ. ಬೆರಳನ್ನು ಒಂದಿಂಚು ಮಣ್ಣಿಗೆ ಇಳಿಸಿ, ಒಣಗಿದ್ದರೆ ತಳದ ತೂತಿನಿಂದ ಹೊರಬರುವಷ್ಟು ಹಾಕಿ. ಮಧ್ಯಾಹ್ನ ಗಿಡ ಬಾಡಿದಂತೆ ಕಂಡಾಗ ಕೈ ಚೊಂಬಿಗೆ ಹೋಗುವ ಮೊದಲು ಕುಂಡ ಎತ್ತಿ ನೋಡಿ. ಹಗುರವಿದ್ದರೆ ನೀರು ಬೇಕು. ಭಾರವಾಗಿದ್ದು, ಮಣ್ಣು ಹಸಿಯಿದ್ದೂ ಗಿಡ ಬಾಡಿದ್ದರೆ ಬೇರು ಕೊಳೆತಿದೆ. ಕುಂಡ ಓರೆ ಮಾಡಿ ಮಣ್ಣುಗಡ್ಡೆ ಸ್ವಲ್ಪ ಹೊರಗೆಳೆದರೆ ಕೊಳೆತ ವಾಸನೆ, ಬೆರಳಿಗೆ ಸಿಪ್ಪೆ ಬಿಡುವ ಕಂದು ಬೇರು ಸಿಗುತ್ತದೆ. ಗೊಂಡೆ ಆ ಹಂತದಿಂದ ಚೇತರಿಸಿಕೊಳ್ಳುವುದಿಲ್ಲ, ತೆಗೆದುಬಿಡಿ. ದಾಸವಾಳವಾದರೆ ಕೊಳೆತ ಬೇರು ಕತ್ತರಿಸಿ, ಹೊಸ ಮಣ್ಣಿನಲ್ಲಿ ನೆಟ್ಟು, ಮೇಲಿನ ಕೊಂಬೆಗಳನ್ನೂ ಮೂರನೇ ಒಂದು ಭಾಗ ಕಡಿಮೆ ಮಾಡಿ ನೆರಳಲ್ಲಿಟ್ಟರೆ ಬದುಕುವ ಸಾಧ್ಯತೆಯಿದೆ.

ಈ ದಿನಗಳಲ್ಲಿ ದಾಸವಾಳದ ಮೊಗ್ಗು ಉದುರಿದರೆ, ಉದುರಿದ ಮೊಗ್ಗನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಸ್ವಚ್ಛವಾಗಿದ್ದರೆ ಕಾರಣ ಜಾಗ ಬದಲಾದದ್ದು ಅಥವಾ ನೀರು ಏರುಪೇರಾದದ್ದು. ಒಂದೇ ಬಿಸಿಲಿನ ಜಾಗದಲ್ಲಿ ನಿಲ್ಲಿಸಿದರೆ ವಾರದೊಳಗೆ ನಿಲ್ಲುತ್ತದೆ. ಒಳಗೆ ಸಣ್ಣ ಬಿಳಿ ಹುಳುಗಳು ಕಂಡರೆ ಔಷಧಿ ಸಿಂಪಡಿಸಿ ಫಲವಿಲ್ಲ, ಮೊಗ್ಗಿನ ಒಳಗಿರುವ ಹುಳುವಿಗೆ ಅದು ತಾಗುವುದಿಲ್ಲ. ಬಿದ್ದ ಮೊಗ್ಗು, ಗಿಡದಲ್ಲೇ ಹಳದಿಯಾದ ಮೊಗ್ಗು ಎರಡನ್ನೂ ದಿನವೂ ಆರಿಸಿ ಸುಡಬೇಕು. ಮಣ್ಣಿಗೆ ಬಿಟ್ಟರೆ ಹುಳು ಅಲ್ಲಿಯೇ ಕೋಶವಾಗಿ ಮತ್ತೆ ಹಾರುತ್ತದೆ. ಹಿಟ್ಟು ತಿಗಣೆಗೆ ಮೊದಲು ಪೈಪಿನ ನೀರು ರಭಸವಾಗಿ ಹೊಡೆದು ತೊಳೆದು, ಸಂಜೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಎಲೆಯ ಅಡಿಗೆ ಸಿಂಪಡಿಸಿ. ಒಂದು ವಾರದ ನಂತರ ಇನ್ನೊಮ್ಮೆ.

ದ್ವಾದಶಿಯ ಹಿಂದಿನ ದಿನ ಕತ್ತರಿ, ತೊಳೆಯುವುದು, ನೀರು ಹಾಕುವುದು ಮುಗಿಸಿ. ತುಳಸಿ ಹಬ್ಬದ ಪೂಜೆ ಸಂಜೆಯದು, ಹೊರಗಿನದು. ಆದ್ದರಿಂದ ಗಿಡಗಳಿಗೆ ಇದು ದೀಪಾವಳಿಗಿಂತ ಸುಲಭ. ಕಬ್ಬು, ನೆಲ್ಲಿ ಕೊಂಬೆ, ಹುಣಸೆ ಕೊಂಬೆ ಕಟ್ಟಿದ ಕಟ್ಟೆಯ ಎದುರಿಗೆ ಕಾಕಡ ಮತ್ತು ಜಾಜಿ, ಸುತ್ತಲೂ ಗೊಂಡೆ. ದಾಸವಾಳವನ್ನು ಹಿಂದೆ ಹಸಿರು ಹಿನ್ನೆಲೆಯಾಗಿ ನಿಲ್ಲಿಸಿದರೆ ಮುದುಡಿದ ಹೂ ಕಾಣುವುದಿಲ್ಲ.

ತುಳಸಿ ಹಬ್ಬ ಕಳೆದ ಮೇಲೆ

ಗೊಂಡೆ ಒಂದು ಹಂಗಾಮಿನ ಗಿಡ. ಬಾಡಿದ್ದನ್ನು ಕತ್ತರಿಸುತ್ತ ಹೋದರೆ ಡಿಸೆಂಬರ್‌ವರೆಗೆ ಹೂ ಕೊಡುತ್ತದೆ. ಬೀಜ ಬೇಕಿದ್ದರೆ ಚೆನ್ನಾದ ಎರಡು ಹೂವನ್ನು ಗಿಡದಲ್ಲೇ ಪೂರ್ತಿ ಒಣಗಲು ಬಿಟ್ಟು, ಕಂದಾದ ಬಟ್ಟಲು ಬಿಡಿಸಿ, ನೆರಳಲ್ಲಿ ಇನ್ನೂ ವಾರ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿಡಿ. ನಾಟಿ ಜಾತಿಯಿಂದ ತೆಗೆದ ಬೀಜ ಸರಿಬರುತ್ತದೆ, ಹೈಬ್ರಿಡ್‌ನಿಂದ ತೆಗೆದದ್ದು ಹೂವಿನ ಗಾತ್ರದಲ್ಲೂ ಬಣ್ಣದಲ್ಲೂ ಮಾತು ಉಳಿಸಿಕೊಳ್ಳುವುದಿಲ್ಲ. ಶಿರಸಿಯಂಥ ಘಟ್ಟದ ಮೇಲಿನ ಊರುಗಳಲ್ಲಿ ನವೆಂಬರಿನ ಇಬ್ಬನಿಗೆ ಬೀಜದ ಹೂ ಬೂಷ್ಟು ಹಿಡಿಯುವುದುಂಟು, ಅರ್ಧ ಒಣಗಿದಾಗಲೇ ಕುಂಡವನ್ನು ಸೂರಿನಡಿಗೆ ತರಬೇಕು.

ದಾಸವಾಳಕ್ಕೆ ಈಗ ಕೊಂಬೆಯ ತುದಿಯಿಂದ ಮೂರನೇ ಒಂದು ಭಾಗ, ಹೊರಮುಖದ ಕಣ್ಣಿನ ಮೇಲೆ ಕತ್ತರಿಸಿ. ಕಾರವಾರ, ಕುಮಟಾ, ಹೊನ್ನಾವರದ ಬೆಚ್ಚನೆಯ ಗಾಳಿಗೆ ಅದು ಕೂಡಲೇ ಚಿಗುರುತ್ತದೆ. ಘಟ್ಟದ ಮೇಲೆ ಚಳಿ ಕಳೆಯುವವರೆಗೆ ಚಿಗುರು ನಿಧಾನ, ಅಲ್ಲಿ ಕತ್ತರಿಯನ್ನು ಫೆಬ್ರವರಿಗೆ ಮುಂದೂಡುವುದೇ ಮೇಲು. ಕುಂಡದ ತೂತಿನಿಂದ ಬೇರು ಹೊರಗೆ ಇಣುಕುತ್ತಿದ್ದರೆ ಇದೇ ಹೊತ್ತಿಗೆ ಎರಡಿಂಚು ದೊಡ್ಡ ಕುಂಡಕ್ಕೆ ಬದಲಿಸಿ. ಒಮ್ಮೆಲೇ ಬಹಳ ದೊಡ್ಡ ಕುಂಡ ಕೊಟ್ಟರೆ ಬೇರು ತಲುಪದ ಮಣ್ಣಿನಲ್ಲಿ ನೀರು ನಿಲ್ಲುತ್ತದೆ.

ಜಾಜಿಯನ್ನು ಜನವರಿಯಲ್ಲಿ, ಕಾಕಡವನ್ನು ಅದರ ಹೂ ಮುಗಿದ ಮೇಲೆ ಸವರಬೇಕು. ಮನೆಯಲ್ಲಿ ದುಂಡುಮಲ್ಲಿಗೆಯೂ ಇದ್ದರೆ ಅದರ ಸರದಿ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ: ಗಿಡವನ್ನು ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಿ, ಉಳಿದ ಎಲೆಗಳನ್ನೂ ಕೈಯಿಂದ ತೆಗೆದು, ಹತ್ತು ಹದಿನೈದು ದಿನ ಗಿಡ ಸಾಯದಷ್ಟು ಮಾತ್ರ ನೀರು ಕೊಡಿ. ಆಮೇಲೆ ಮೇಲ್ಮಣ್ಣು ಸಡಿಲಿಸಿ, ಎರಡು ಬೊಗಸೆ ಕೊಟ್ಟಿಗೆ ಗೊಬ್ಬರ ಹಾಕಿ ಮೊದಲಿನಂತೆ ನೀರು ಶುರು ಮಾಡಿ. ಹೀಗೆ ಮಾಡದ ಗಿಡ ಬೇಸಿಗೆಯಲ್ಲಿ ಹಳೆಯ ಕೊಂಬೆಯ ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಹೂ ಬಿಡುತ್ತದೆ. ದುಂಡುಮಲ್ಲಿಗೆಯ ಮೊಗ್ಗು ಬರುವುದು ಹೊಸ ಚಿಗುರಿನ ತುದಿಯಲ್ಲಿ, ಹೊಸ ಚಿಗುರು ಬರಲು ಈ ಕತ್ತರಿಯೇ ಬೇಕು.